ಮಳೆಗಾಲದ ಕಂತು ಎಲ್ಲಿಂದ? ಕೊಡಗಿನ ವಿಕಲಚೇತನ ಉದ್ಯಮಿಗಳಿಗೆ ಸಾಲದ ಮಾರ್ಗದರ್ಶಿ

"ವಿಕಲಚೇತನರ ಕಾರ್ಡ್ ಇದೆ, ಕೆಲಸ ಗೊತ್ತಿದೆ, ಜಾಗವೂ ಇದೆ. ಬ್ಯಾಂಕಿಗೆ ಹೋದರೆ 'ನೋಡೋಣ, ಮುಂದಿನ ತಿಂಗಳು ಬನ್ನಿ' ಅಂತಾರೆ. ಏನು ಮಾಡಲಿ?" ಸೋಮವಾರಪೇಟೆಯಿಂದ, ವಿರಾಜಪೇಟೆಯಿಂದ, ನಾಪೋಕ್ಲು ಕಡೆಯಿಂದ ಓದುಗರು ಮತ್ತೆ ಮತ್ತೆ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆದಿದ್ದೇನೆ.

"ಆಮೇಲೆ ಬನ್ನಿ" ಅನ್ನುವ ಮಾತಿನ ಹಿಂದೆ ಎರಡು ಅನುಮಾನ ಇರುತ್ತವೆ. ಒಂದು, "ಇವರಿಗೆ ಈ ಕೆಲಸ ಮಾಡಲು ಆಗುತ್ತದಾ?" ಇನ್ನೊಂದು, "ಹಣ ವಾಪಸ್ ಬರುತ್ತದಾ?" ಬ್ಯಾಂಕಿನವರು ಎರಡನ್ನೂ ಕಲಸಿಬಿಡುತ್ತಾರೆ. ನಾವೂ ಹಾಗೇ ಕಲಸಿಕೊಂಡು, ಬೇಸರದಿಂದ ಎದ್ದು ಬರುತ್ತೇವೆ. ಇವೆರಡನ್ನು ಬೇರೆ ಮಾಡಿ, ಒಂದೊಂದಕ್ಕೂ ಕಾಗದದ ಮೇಲೆ ಉತ್ತರ ಇಟ್ಟುಕೊಂಡು ಹೋದರೆ ಮಾತುಕತೆಯ ದಾರಿಯೇ ಬದಲಾಗುತ್ತದೆ.

ಲೆಕ್ಕ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸುಂಟಿಕೊಪ್ಪದ ಹತ್ತಿರದ ಹಳ್ಳಿಯ ಒಬ್ಬ ಮಹಿಳೆ. ವಯಸ್ಸು 34. ಒಂದು ಕಾಲಿಗೆ ಪೋಲಿಯೊ, ಪ್ರಮಾಣಪತ್ರದಲ್ಲಿ 60% ಇದೆ. ಹಿಟ್ಟಿನ ಗಿರಣಿ ಹಾಕಿ, ಅದರ ಜೊತೆಗೆ ಮೆಣಸಿನಪುಡಿ ಮಾಡಿಕೊಡುವುದು, ಕಾಫಿ ಬೀಜ ಹುರಿದು ಪುಡಿ ಮಾಡಿಕೊಡುವುದು ಅವರ ಯೋಚನೆ. ಮಾಲು ಗ್ರಾಹಕರದ್ದು, ಇವರದ್ದು ಕೂಲಿ ಮಾತ್ರ. ಈ ಲೇಖನದ ಬೆಲೆ, ಬಡ್ಡಿ, ಆದಾಯದ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಾಕಿದವು. ಅಲ್ಲಿ ನಿಮ್ಮ ಕೊಟೇಶನ್ ಮತ್ತು ನಿಮ್ಮ ಎಣಿಕೆಯ ಅಂಕಿ ಬರಬೇಕು.

1. ಮೊದಲು ಹೆಸರು ಸರಿ ಮಾಡಿಕೊಳ್ಳಿ

ವಿಕಲಚೇತನರಿಗೆಂದು ಇರುವ ಯಾವ ಸೌಲಭ್ಯ ಬೇಕಾದರೂ ಅಂಗವಿಕಲತೆ 40% ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅದಕ್ಕೆ ಆಧಾರ ಯುಡಿಐಡಿ ಕಾರ್ಡ್, ಅಂದರೆ ಕೇಂದ್ರ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ. ಇನ್ನೂ ಮಾಡಿಸಿಲ್ಲ ಅಂದರೆ swavlambancard.gov.in ನಲ್ಲಿ ಅರ್ಜಿ ಹಾಕಬಹುದು. ಅರ್ಜಿ ತುಂಬುವುದು ಕಷ್ಟವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಎಲ್ಲರೂ ಅವರನ್ನು ವಿಆರ್‌ಡಬ್ಲ್ಯೂ ಅಂತಲೇ ಕರೆಯುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಇದೇ ಕೆಲಸಕ್ಕೆ ಎಂಆರ್‌ಡಬ್ಲ್ಯೂ ಇರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಮನೆತನದ ಹೆಸರು ಆಧಾರ್‌ನಲ್ಲಿ ಪೂರ್ತಿ ಇರುತ್ತದೆ, ಯುಡಿಐಡಿಯಲ್ಲಿ ಒಂದೇ ಅಕ್ಷರ ಇರುತ್ತದೆ, ಪಾನ್ ಕಾರ್ಡಿನಲ್ಲಿ ಗಂಡನ ಅಥವಾ ಅಪ್ಪನ ಹೆಸರು ಸೇರಿಕೊಂಡಿರುತ್ತದೆ. ಊರಿನವರಿಗೆ ಮೂರೂ ಒಬ್ಬರೇ. ಬ್ಯಾಂಕಿನ ಕಂಪ್ಯೂಟರ್‌ಗೆ ಮೂರು ಜನ. ಆಧಾರ್, ಪಾನ್, ಯುಡಿಐಡಿ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಓದಿ. ವ್ಯತ್ಯಾಸ ಕಂಡರೆ ಸಾಲದ ಅರ್ಜಿಗೆ ಮೊದಲೇ ತಿದ್ದುಪಡಿ ಮಾಡಿಸಿ. ಅರ್ಜಿ ಹಾಕಿದ ಮೇಲೆ ತಿದ್ದಲು ಹೋದರೆ ತಿಂಗಳುಗಳು ಕಳೆಯುತ್ತವೆ.

ಪ್ರಮಾಣಪತ್ರ ತಾತ್ಕಾಲಿಕವಾ, ಶಾಶ್ವತವಾ ಅಂತಲೂ ನೋಡಿ. ತಾತ್ಕಾಲಿಕ ಆಗಿದ್ದರೆ ಅದರಲ್ಲಿ ಅವಧಿ ಬರೆದಿರುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಅರ್ಜಿ ಬ್ಯಾಂಕಿನ ಮೇಜಿನ ಮೇಲಿದ್ದರೆ ಕಡತ ವಾಪಸ್ ಬರಬಹುದು.

2. ಯಾವ ಬಾಗಿಲು ತಟ್ಟಬೇಕು

ದಾರಿಗಳು ಹಲವು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಾಲ್ಕನ್ನು ತಿಳಿದುಕೊಂಡರೆ ಸಾಕು.

ಸಣ್ಣ ಕೆಲಸಕ್ಕೆ, 50,000 ರೂಪಾಯಿವರೆಗೆ, ಮುದ್ರಾ ಯೋಜನೆಯ ಶಿಶು ಸಾಲ ಸುಲಭ. ಅದಕ್ಕೂ ಹೆಚ್ಚು ಬೇಕಾದರೆ ಮುದ್ರಾದಲ್ಲೇ ಕಿಶೋರ್ ಇದೆ, ಅದು 5 ಲಕ್ಷದವರೆಗೆ. ಇದರಲ್ಲಿ ಅಡಮಾನ ಕೇಳುವುದಿಲ್ಲ, ಆದರೆ ಸಬ್ಸಿಡಿಯೂ ಇಲ್ಲ.

ಎರಡನೆಯದು ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಆಧಾರ ಯೋಜನೆ. ಬ್ಯಾಂಕ್ ಸಾಲದ ಜೊತೆ ಇಲಾಖೆಯ ಸಹಾಯಧನ ಸೇರುತ್ತದೆ. ಪೆಟ್ಟಿಗೆ ಅಂಗಡಿಯಂಥ ಸಣ್ಣ ವ್ಯಾಪಾರಕ್ಕೆ ಇದು ಹೊಂದುತ್ತದೆ. ಈ ವರ್ಷದ ಗುರಿ ಎಷ್ಟು, ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಮಡಿಕೇರಿಯಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ.

ಮೂರನೆಯದು ವಿಕಲಚೇತನರಿಗೆಂದೇ ಇರುವ ಕೇಂದ್ರದ ಹಣಕಾಸು ನಿಗಮ. ಅದು 1997ರಲ್ಲಿ ಶುರುವಾಯಿತು, ಈಗ ಅದರ ಚಿಕ್ಕ ಹೆಸರು ಎನ್‌ಡಿಎಫ್‌ಡಿಸಿ. ಬಡ್ಡಿ ಕಡಿಮೆ. ಆದರೆ ಅದು ನೇರವಾಗಿ ನಿಮಗೆ ಹಣ ಕೊಡುವುದಿಲ್ಲ, ಒಪ್ಪಂದ ಮಾಡಿಕೊಂಡ ರಾಜ್ಯದ ಸಂಸ್ಥೆ ಅಥವಾ ಬ್ಯಾಂಕ್ ಮೂಲಕವೇ ಬರಬೇಕು.

ನಾಲ್ಕನೆಯದು ಪಿಎಂಇಜಿಪಿ, ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ. ಯಂತ್ರ ಹಾಕಿ ಏನಾದರೂ ತಯಾರಿಸುವವರಿಗೆ, ಸೇವೆ ಕೊಡುವವರಿಗೆ ನನ್ನ ಮೊದಲ ಸಲಹೆ ಇದು. ಕಾರಣ ಸರಳ. ವಿಕಲಚೇತನರು ಇಲ್ಲಿ ವಿಶೇಷ ವರ್ಗಕ್ಕೆ ಸೇರುತ್ತಾರೆ. ಹಳ್ಳಿಯಲ್ಲಿ ಘಟಕ ಹಾಕಿದರೆ ಯೋಜನಾ ವೆಚ್ಚದ 35% ಸಬ್ಸಿಡಿ, ಪಟ್ಟಣದಲ್ಲಾದರೆ 25%. ನಿಮ್ಮ ಕೈಯಿಂದ ಹಾಕಬೇಕಾದದ್ದು 5% ಮಾತ್ರ. ಅರ್ಜಿ kviconline.gov.in ನಲ್ಲಿ. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದವರು ಸಹಾಯ ಮಾಡುತ್ತಾರೆ. ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಮೊದಲು ಅಲ್ಲೇ ವಿಚಾರಿಸಿ. ನಮ್ಮ ಉದಾಹರಣೆಗೂ ಇದೇ ದಾರಿ ಹಿಡಿಯೋಣ.

ಇಲ್ಲಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ.

ಕಾಫಿ ಬೆಳೆಯುವುದಕ್ಕೆ ಪಿಎಂಇಜಿಪಿ ಇಲ್ಲ. ತೋಟದ ಬೆಳೆಗಳು ಅದರ ನಿಷೇಧಿತ ಪಟ್ಟಿಯಲ್ಲಿವೆ. ಆದರೆ ಬೆಳೆದ ಕಾಫಿಯನ್ನು ಹುರಿದು ಪುಡಿ ಮಾಡುವುದಕ್ಕೆ ಇದೆ, ಅದು ಮೌಲ್ಯವರ್ಧನೆ. ಹಾಗಾಗಿ ಅರ್ಜಿಯಲ್ಲಿ ಸುಮ್ನೆ "ಕಾಫಿ" ಅಂತ ಬರೆದು ಬಿಡಬೇಡಿ. "ಕಾಫಿ ಬೀಜ ಹುರಿದು ಪುಡಿ ಮಾಡುವ ಘಟಕ" ಅಂತ ಪೂರ್ತಿ ಬರೆಯಿರಿ.

ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಈ ಸಾಲ ಸಿಗುವುದಿಲ್ಲ, ಹೊಸದೇ ಆಗಬೇಕು. ಸರ್ಕಾರದ ಬೇರೆ ಸಬ್ಸಿಡಿ ಪಡೆದಿರುವ ಘಟಕಕ್ಕೂ ಇಲ್ಲ. ಆಧಾರ ಯೋಜನೆಯ ಸಹಾಯಧನ ತಗೊಂಡು ಅದೇ ಗಿರಣಿಗೆ ಪಿಎಂಇಜಿಪಿಯನ್ನೂ ಕೇಳಿದರೆ ಎರಡೂ ಕೈತಪ್ಪಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪು, ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಳ್ಳುವುದು. "ಹೇಗೂ ಬರುತ್ತದಲ್ಲ" ಅಂತ ಕೈಸಾಲ ಮಾಡಿ ಯಂತ್ರ ತಂದರೆ, ಬ್ಯಾಂಕ್ ಅದನ್ನು ಯೋಜನಾ ವೆಚ್ಚಕ್ಕೆ ಸೇರಿಸುವುದಿಲ್ಲ.

3. ಒಂದು ವಾರ ಎಣಿಸಿ

ಯೋಜನಾ ವರದಿ, ಅಂದರೆ ಎಲ್ಲರೂ ಪ್ರಾಜೆಕ್ಟ್ ರಿಪೋರ್ಟ್ ಅನ್ನುವ ಕಾಗದ, ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿದ್ಧವಾಗಿ ಸಿಗುತ್ತದೆ. ಎಷ್ಟೋ ಜನ ಅದನ್ನೇ ತರುತ್ತಾರೆ. ಮಂಡ್ಯದ ಗಿರಣಿಗೆ ಮಾಡಿದ ವರದಿಯಲ್ಲಿ ಊರಿನ ಹೆಸರು ಮಾತ್ರ ಬದಲಾಗಿರುತ್ತದೆ. ವ್ಯವಸ್ಥಾಪಕರು "ದಿನಕ್ಕೆ 300 ಕೆಜಿ ಅಂತ ಬರೆದಿದ್ದೀರಿ, ಎಲ್ಲಿಂದ ಬರುತ್ತದೆ?" ಅಂತ ಒಂದು ಪ್ರಶ್ನೆ ಕೇಳಿದರೆ ಉತ್ತರ ಇರುವುದಿಲ್ಲ. ಅಲ್ಲಿಗೆ ನಂಬಿಕೆ ಹೋಯಿತು.

ಆದ್ದರಿಂದ ಎಣಿಕೆ ನಿಮ್ಮದೇ ಆಗಬೇಕು. ನಮ್ಮ ಉದಾಹರಣೆಯವರು ಹೀಗೆ ಮಾಡುತ್ತಾರೆ ಅಂದುಕೊಳ್ಳಿ. ಈಗಿರುವ ಹತ್ತಿರದ ಗಿರಣಿಯ ಎದುರಿನ ಅಂಗಡಿ ಜಗಲಿಯಲ್ಲಿ ಒಂದು ವಾರ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೂರುತ್ತಾರೆ. ಪುಟ್ಟ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಎಷ್ಟು ಜನ ಬಂದರು, ಏನು ತಂದರು, ಯಾವ ಕಡೆಯಿಂದ ಬಂದರು. ಮೂರನೇ ಕಾಲಂ ಮುಖ್ಯ. ಇವರ ಊರಿನ ಕಡೆಯಿಂದ ಚೀಲ ಹೊತ್ತು, ಆಟೋ ಹಿಡಿದು ಎಷ್ಟು ಜನ ಅಷ್ಟು ದೂರ ಹೋಗುತ್ತಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅವರೇ ನಾಳೆಯ ಗ್ರಾಹಕರು.

ಆಮೇಲೆ ತೋಟದ ಲೈನ್ ಮನೆಗಳಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೇಳಬೇಕು: ತಿಂಗಳಿಗೆ ಎಷ್ಟು ರಾಗಿ, ಎಷ್ಟು ಮೆಣಸು? ಪಾಪುಟ್ಟಿಗೆ, ಕಡಂಬುಟ್ಟಿಗೆ ಅಕ್ಕಿ ತರಿ ಎಲ್ಲಿ ಮಾಡಿಸುತ್ತೀರಿ? ತರಿ ಹದವಾಗಿ ಒಡೆದುಕೊಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಅದೇ ನಿಮ್ಮ ಬಲ. ಇದನ್ನು ವರದಿಯಲ್ಲಿ ಒಂದು ಸಾಲು ಬರೆಯಿರಿ. ಕೊಡಗಿನಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿದ ಯಾವ ಮ್ಯಾನೇಜರ್‌ಗೂ ಅದು ಅರ್ಥವಾಗುತ್ತದೆ.

ವಾರದ ಕೊನೆಗೆ ಅವರಿಗೆ ಸಿಕ್ಕ ಅಂದಾಜು ಇದು. ದಿನಕ್ಕೆ ಧಾನ್ಯ 100 ಕೆಜಿ, ಕೆಜಿಗೆ 7 ರೂಪಾಯಿ ಕೂಲಿಯಂತೆ 700. ಮೆಣಸು, ಮಸಾಲೆ 14 ಕೆಜಿ, 30 ರೂಪಾಯಿಯಂತೆ 420. ಕಾಫಿ 10 ಕೆಜಿ, 40 ರೂಪಾಯಿಯಂತೆ 400. ಒಟ್ಟು ದಿನಕ್ಕೆ 1,520. ತಿಂಗಳಿಗೆ 25 ದಿನ ಗಿರಣಿ ನಡೆದರೆ 38,000 ರೂಪಾಯಿ.

4. ವೆಚ್ಚದ ಪಟ್ಟಿಯಲ್ಲಿ ನಿಮ್ಮ ಅನುಕೂಲಕ್ಕೂ ಜಾಗ ಇರಲಿ

ಹಿಟ್ಟಿನ ಗಿರಣಿ ಮೋಟರ್ ಸಮೇತ 85,000. ಮೆಣಸು, ಮಸಾಲೆಗೆ ಬೇರೆ ಯಂತ್ರ 45,000. ಕಾಫಿ ಹುರಿಯುವ, ಪುಡಿ ಮಾಡುವ ಯಂತ್ರ 1,15,000. ಮೂರು ಫೇಸ್ ಸಂಪರ್ಕ, ವೈರಿಂಗ್, ಸ್ಟಾರ್ಟರ್ 40,000. ತೂಕದ ಯಂತ್ರ, ಸೀಲಿಂಗ್ ಯಂತ್ರ, ಮೇಜು 25,000. ಕೆಲಸದ ಜಾಗವನ್ನು ಹೊಂದಿಸಿಕೊಳ್ಳಲು 20,000. ದುಡಿಯುವ ಬಂಡವಾಳ, ಅಂದರೆ ಮೊದಲ ತಿಂಗಳುಗಳ ಬಾಡಿಗೆ, ಕರೆಂಟ್ ಬಿಲ್, ಕೂಲಿಗೆ ಇಟ್ಟ ಹಣ 70,000. ಒಟ್ಟು 4,00,000.

ಆ 20,000ದ ಬಗ್ಗೆ ಸ್ವಲ್ಪ ಹೇಳಬೇಕು. ಗಿರಣಿಗೆ ಧಾನ್ಯ ಸುರಿಯುವ ಬಾಯಿ ಸಾಮಾನ್ಯವಾಗಿ ಎದೆಯ ಮಟ್ಟದಲ್ಲಿ ಇರುತ್ತದೆ. ಎರಡು ಕಾಲಲ್ಲಿ ಗಟ್ಟಿಯಾಗಿ ನಿಂತು, ಚೀಲ ಎತ್ತಿ ಸುರಿಯುವವರಿಗೆ ಮಾಡಿದ ಎತ್ತರ ಅದು. ಒಂದು ಕಾಲಿನ ಮೇಲೆ ಭಾರ ಹಾಕುವವರಿಗೆ ಅಲ್ಲೇ ಅಪಾಯ. ಯಂತ್ರವನ್ನು ತಗ್ಗಿನ ಪೀಠದ ಮೇಲೆ ಕೂರಿಸಿ, ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿದರೆ ಗ್ರಾಹಕರೇ ಚೀಲವನ್ನು ಕಟ್ಟೆಯ ಮೇಲಿಡುತ್ತಾರೆ. ಇವರು ಕೂತಲ್ಲಿಂದಲೇ ಸಣ್ಣ ಡಬ್ಬದಲ್ಲಿ ಮೊಗೆದು ಹಾಕಬಹುದು. ಸ್ವಿಚ್ ಕೈಗೆಟಕುವಲ್ಲಿ ಇರಬೇಕು. ಬೆಲ್ಟ್‌ಗೆ ಜಾಲರಿ ಇರಬೇಕು. ಮೆಟ್ಟಿಲಿನ ಬದಲು ಇಳಿಜಾರು ಇರಬೇಕು, ಮಳೆಯಲ್ಲಿ ಜಾರದಂತೆ ಒರಟಾಗಿರಬೇಕು.

ಇದನ್ನು ಗಾರೆ ಕೆಲಸದವರಿಂದ ಅಂದಾಜು ಬರೆಸಿ, ವೆಚ್ಚದ ಪಟ್ಟಿಯಲ್ಲಿ ಸೇರಿಸಿ. ಜನ ನಾಚಿಕೊಂಡು ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ "ಇವರಿಗೆ ಆಗುತ್ತದಾ?" ಅನ್ನುವ ಪ್ರಶ್ನೆಗೆ ನಿಮ್ಮ ವರದಿಯಲ್ಲಿ ಉತ್ತರವೇ ಇರುವುದಿಲ್ಲ. ಕಣ್ಣು ಕಾಣದವರಿಗೆ ಮಾತನಾಡುವ ತೂಕದ ಯಂತ್ರ, ಕಿವಿ ಕೇಳದವರಿಗೆ ಗಂಟೆಯ ಬದಲು ದೀಪದ ಸೂಚನೆ. ಏನು ಬೇಕೋ ಅದನ್ನು ಹೆಸರಿಟ್ಟು, ಬೆಲೆ ಹಾಕಿ ಬರೆಯಿರಿ.

ಈಗ ಹಣದ ಹಂಚಿಕೆ. 4,00,000ದಲ್ಲಿ ಸ್ವಂತ ಪಾಲು 5%, ಅಂದರೆ 20,000. ಉಳಿದ 3,80,000 ಬ್ಯಾಂಕ್ ಸಾಲ. ಹಳ್ಳಿಯ ಘಟಕವಾದ್ದರಿಂದ ಸಬ್ಸಿಡಿ 35%, ಅಂದರೆ 1,40,000. ಈ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂತಿರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದೆ ಅಂತ ಪರಿಶೀಲಿಸಿ ಸಾಲಕ್ಕೆ ಜಮಾ ಮಾಡುತ್ತಾರೆ. ನಡುವೆ ಗಿರಣಿ ಮುಚ್ಚಿದರೆ ಸಬ್ಸಿಡಿ ವಾಪಸ್ ಹೋಗುತ್ತದೆ. ಇದು ತಿಳಿಯದೆ, "ಸಬ್ಸಿಡಿ ಬಂದ ಕೂಡಲೇ ಮನೆ ರಿಪೇರಿ ಮಾಡಿಸುತ್ತೇನೆ" ಅಂದುಕೊಂಡವರು ಕಷ್ಟಕ್ಕೆ ಸಿಕ್ಕಿದ್ದಾರೆ.

ಅಂದರೆ ನೀವು ನಿಜವಾಗಿ ತೀರಿಸಬೇಕಾದ್ದು 2,40,000. ಬಡ್ಡಿ 11%, ಅವಧಿ ಐದು ವರ್ಷ ಅಂತಿಟ್ಟರೆ ತಿಂಗಳ ಕಂತು ಸುಮಾರು 5,220 ರೂಪಾಯಿ. ಕೆಲವು ಶಾಖೆಯವರು ಮೊದಲಿಗೆ ಪೂರ್ತಿ 3,80,000ಕ್ಕೆ ಕಂತು ಹಾಕಿಬಿಡುತ್ತಾರೆ, ಆಗ ಅದು ಸುಮಾರು 8,260 ಆಗುತ್ತದೆ. ನಿಮ್ಮ ಕಂತನ್ನು ಯಾವ ಮೊತ್ತಕ್ಕೆ ಲೆಕ್ಕ ಹಾಕುತ್ತಾರೆ ಅಂತ ಸಹಿ ಮಾಡುವ ಮೊದಲೇ ಕೇಳಿ.

5. ಹನ್ನೆರಡು ತಿಂಗಳ ಹಾಳೆ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಸಿದ್ಧ ವರದಿಗಳಲ್ಲಿ ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಒಂದೇ ಅಂಕಿ ಹಾಕಿರುತ್ತಾರೆ. ಕೊಡಗಿನಲ್ಲಿ ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಕೂಲಿ ಕೈಯಲ್ಲಿ ಇರುತ್ತದೆ, ಏಪ್ರಿಲ್‌ವರೆಗೂ ಅದರ ಬಿಸಿ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮರ ಬಿದ್ದು ತಂತಿ ಹರಿದರೆ ಸೆಸ್ಕ್‌ನವರು ಬರುವವರೆಗೆ ಗಿರಣಿ ತಿರುಗುವುದಿಲ್ಲ. ರಸ್ತೆಯೂ ಕೈಕೊಡುತ್ತದೆ. ಜುಲೈ ತಿಂಗಳಲ್ಲಿ ಕಂತು ಎಲ್ಲಿಂದ ಕಟ್ಟುತ್ತಾರೆ ಅನ್ನುವುದು ಇಲ್ಲಿನ ಮ್ಯಾನೇಜರ್‌ಗಳ ಮನಸ್ಸಿನಲ್ಲಿರುವ ಪ್ರಶ್ನೆ. ಅವರು ಕೇಳುವ ಮೊದಲೇ ನಿಮ್ಮ ಹಾಳೆಯಲ್ಲಿ ಅದಕ್ಕೆ ಉತ್ತರ ಇರಬೇಕು.

ಒಂದು ದೊಡ್ಡ ಹಾಳೆ ತಗೊಳ್ಳಿ. ತಿಂಗಳುಗಳನ್ನು ಮೂರು ಗುಂಪು ಮಾಡಿ.

ನವೆಂಬರ್‌ನಿಂದ ಏಪ್ರಿಲ್, ಆರು ತಿಂಗಳು. ಆದಾಯ 38,000. ಬಾಡಿಗೆ 4,000, ಕರೆಂಟ್ 5,000, ಸಹಾಯಕರ ಕೂಲಿ 10,000, ರಿಪೇರಿ ಮತ್ತು ಪ್ಯಾಕಿಂಗ್ 2,000, ಒಟ್ಟು ಖರ್ಚು 21,000. ತಿಂಗಳಿಗೆ ಉಳಿಯುವುದು 17,000.

ಮೇ ಮತ್ತು ಅಕ್ಟೋಬರ್. ದಿನಕ್ಕೆ 1,200 ರೂಪಾಯಿ, 25 ದಿನ, ಆದಾಯ 30,000. ಖರ್ಚು 19,500. ಉಳಿಯುವುದು 10,500.

ಜೂನ್‌ನಿಂದ ಸೆಪ್ಟೆಂಬರ್, ನಾಲ್ಕು ತಿಂಗಳು. ಕರೆಂಟ್ ಇರುವ, ಜನ ಬರುವ ದಿನ 15 ಅಂತ ಮಾತ್ರ ಹಿಡಿಯಿರಿ. ದಿನಕ್ಕೆ 1,200ರಂತೆ ಆದಾಯ 18,000. ಸಹಾಯಕರಿಗೆ ಬಂದ ದಿನಕ್ಕೆ ಮಾತ್ರ ಕೂಲಿ, ಹಾಗಾಗಿ ಖರ್ಚು 14,000. ಉಳಿಯುವುದು 4,000. ಕೈಲ್‌ಪೊಳ್ದ್ ಮುಂದೆ ತರಿ ಮಾಡಿಸಲು ಬರುವವರು ಜಾಸ್ತಿ ಆಗಬಹುದು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವರ್ಷಕ್ಕೆ ಉಳಿಯುವುದು 1,39,000. ವರ್ಷದ ಕಂತು 62,640. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.2 ಬರುತ್ತದೆ. ಬ್ಯಾಂಕಿನವರು ಡಿಎಸ್‌ಸಿಆರ್ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಒಂದು ರೂಪಾಯಿ ಕಂತಿಗೆ ಎಷ್ಟು ರೂಪಾಯಿ ದುಡಿಮೆ ಇದೆ ಅನ್ನುವ ಅಳತೆ ಅದು. 1ಕ್ಕಿಂತ ಕಡಿಮೆ ಇದ್ದರೆ ಸಾಲ ತೀರುವುದಿಲ್ಲ. ಹೆಚ್ಚಿದ್ದಷ್ಟೂ ಅವರಿಗೆ ಧೈರ್ಯ.

ಆದರೆ ಇಲ್ಲಿಗೇ ನಿಲ್ಲಿಸಬೇಡಿ, ಮನೆಯಲ್ಲಿ ಊಟ ಮಾಡಬೇಕಲ್ವಾ? ಮನೆ ಖರ್ಚಿಗೆ ಇವರ ಪಾಲು ತಿಂಗಳಿಗೆ 5,000 ಅಂತ ಕಳೆಯಿರಿ. ಆಗ ಮಳೆಗಾಲದ ಪ್ರತಿ ತಿಂಗಳೂ 6,220 ರೂಪಾಯಿ ಕೊರತೆ ಬೀಳುತ್ತದೆ. ನಾಲ್ಕು ತಿಂಗಳಿಗೆ 24,880. ಈ ಕೊರತೆಯನ್ನು ಮುಚ್ಚಿಡಬೇಡಿ. ಹಾಳೆಯಲ್ಲಿ ಕೆಂಪು ಶಾಯಿಯಲ್ಲೇ ಬರೆಯಿರಿ. ಅದರ ಕೆಳಗೆ ಪರಿಹಾರ ಬರೆಯಿರಿ: ಸುಗ್ಗಿಯ ಆರು ತಿಂಗಳಲ್ಲಿ ಕಂತು, ಮನೆ ಖರ್ಚು ಕಳೆದು 6,780 ಉಳಿಯುತ್ತದೆ. ಅದರಲ್ಲಿ ತಿಂಗಳಿಗೆ 4,200 ಅದೇ ಬ್ಯಾಂಕಿನ ಆರ್‌ಡಿಗೆ. ಆರು ತಿಂಗಳಿಗೆ 25,200. ಮಳೆಗಾಲದ ಕೊರತೆ ಅಲ್ಲಿಗೆ ತುಂಬಿತು.

ಕೆಂಪು ಶಾಯಿಯ ಸಾಲು ಇಲ್ಲದ ವರದಿಗಿಂತ, ಅದು ಇದ್ದು ಕೆಳಗೆ ಆರ್‌ಡಿಯ ಲೆಕ್ಕ ಇರುವ ವರದಿಯನ್ನು ಬ್ಯಾಂಕಿನವರು ಹೆಚ್ಚು ನಂಬುತ್ತಾರೆ.

ಸಾಲ ಬಿಡುಗಡೆಯ ತಿಂಗಳನ್ನೂ ಯೋಚಿಸಿ. ಕಂತು ಶುರುವಾಗುವ ಮೊದಲು ಕೊಡುವ ಬಿಡುವನ್ನು ಮೊರಟೋರಿಯಂ ಅಂತಾರೆ. ಏಪ್ರಿಲ್ ಕೊನೆಗೆ ಹಣ ಬಂದು ಆರು ತಿಂಗಳು ಬಿಡುವು ಸಿಕ್ಕರೆ ಮೊದಲ ಕಂತು ನವೆಂಬರ್‌ಗೆ ಬೀಳುತ್ತದೆ, ಸುಗ್ಗಿಯ ಹೊತ್ತಿಗೆ. ಬಿಡುವಿನಲ್ಲೂ ಬಡ್ಡಿ ಓಡುತ್ತಿರುತ್ತದೆ, ಅದು ನೆನಪಿರಲಿ. ಅಷ್ಟು ಬಿಡುವು ಕೊಡದಿದ್ದರೆ, ಸುಗ್ಗಿಯಲ್ಲಿ ಹೆಚ್ಚು, ಮಳೆಯಲ್ಲಿ ಕಡಿಮೆ ಕಂತು ಮಾಡಿಕೊಡಿ ಅಂತ ಹಾಳೆ ತೋರಿಸಿ ಕೇಳಿ. ಒಪ್ಪುವುದು ಬಿಡುವುದು ಶಾಖೆಗೆ ಬಿಟ್ಟದ್ದು.

6. ಬ್ಯಾಂಕಿನ ಮೇಜಿನ ಎದುರು

ಆನ್‌ಲೈನ್ ಅರ್ಜಿಯಲ್ಲಿ ಶಾಖೆಯ ಹೆಸರು ಹಾಕುವ ಮೊದಲು ಆ ಶಾಖೆಗೆ ಒಮ್ಮೆ ಹೋಗಿ ಬನ್ನಿ. ಘಟಕ ಸುಂಟಿಕೊಪ್ಪದ ಹಳ್ಳಿಯಲ್ಲಿ, ಶಾಖೆ ಮಡಿಕೇರಿಯಲ್ಲಿ ಅಂದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ವಾಪಸ್ ಕಳಿಸುವುದು ಸಾಮಾನ್ಯ. ಸೋಮವಾರ ಮತ್ತು ತಿಂಗಳ ಮೊದಲ ವಾರ ಬೇಡ. ಮಧ್ಯಾಹ್ನದ ಮೇಲೆ ಹೋದರೆ ಕೂತು ಮಾತನಾಡಲು ಸಮಯ ಸಿಗುತ್ತದೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಆದರೆ ಮಾತನಾಡುವುದು ನೀವೇ ಆಗಿರಲಿ. ಅಣ್ಣನೋ ಗಂಡನೋ ಉತ್ತರ ಕೊಡುತ್ತಿದ್ದರೆ, ವ್ಯಾಪಾರ ನಡೆಸುವವರು ಅವರೇ ಅಂತ ಬ್ಯಾಂಕಿನವರು ಅಂದುಕೊಳ್ಳುತ್ತಾರೆ.

ಸಾಮಾನ್ಯವಾಗಿ ಬರುವ ಅನುಮಾನಗಳು ಹೀಗಿರುತ್ತವೆ.

"ಅಮ್ಮಾ, ನಿಮಗೆ ಗಿರಣಿ ಕೆಲಸ ಆಗುತ್ತದಾ?" ಸಿಟ್ಟು ಬರುವ ಪ್ರಶ್ನೆ. ಉತ್ತರವಾಗಿ ನಾಲ್ಕನೇ ಹಂತದ ಕಟ್ಟೆ, ಪೀಠದ ನಕ್ಷೆ ತೋರಿಸಿ. ಯಾರದಾದರೂ ಗಿರಣಿಯಲ್ಲಿ ನೀವು ಕೂತು ಕೆಲಸ ಮಾಡುವ ಎರಡು ನಿಮಿಷದ ವಿಡಿಯೊ ಮೊಬೈಲ್‌ನಲ್ಲಿ ಇದ್ದರೆ ಇನ್ನೂ ಒಳ್ಳೆಯದು. 60% ಅನ್ನುವುದು ದೇಹದ ಅಳತೆ, ಈ ಕೆಲಸ ಮಾಡುವ ಶಕ್ತಿಯ ಅಳತೆ ಅಲ್ಲ ಅಂತ ಸಮಾಧಾನವಾಗಿ ಹೇಳಿ.

"ನೀವು ಹುಷಾರು ತಪ್ಪಿದರೆ ಯಾರು ನಡೆಸುತ್ತಾರೆ?" ಇದು ಯಾರನ್ನಾದರೂ ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಸಹಾಯಕರ ಕೂಲಿಯನ್ನು ಮೊದಲಿನಿಂದಲೇ ಖರ್ಚಿನಲ್ಲಿ ಹಾಕಿದ್ದು ಇದಕ್ಕೇ. ಯಂತ್ರ ಓಡಿಸಲು ಕಲಿತ ಇನ್ನೊಬ್ಬರು ಯಾರು ಅಂತ ವರದಿಯಲ್ಲಿ ಬರೆದಿರಲಿ.

"ಜಾಗದ ಆರ್‌ಟಿಸಿ ತನ್ನಿ, ಅಡಮಾನ ಬೇಕು." ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಸಣ್ಣ ಉದ್ಯಮಗಳಿಗೆ 10 ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕ್ ಅಡಮಾನ ಕೇಳಬಾರದು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನ ನಷ್ಟಕ್ಕೆ ಸಿಜಿಟಿಎಂಎಸ್‌ಇ ಅನ್ನುವ ಖಾತರಿ ನಿಧಿ ಇದೆ, ಅದರ ಕೆಳಗೆ ಹಾಕಿ ಅಂತ ಕೇಳಿ. ನಮ್ಮಲ್ಲಿ ಇದು ತುಂಬಾ ಮುಖ್ಯ. ಜಮ್ಮಾ ಜಾಗವಾದರೆ ದಾಖಲೆ ಹೆಚ್ಚಾಗಿ ಹಿರಿಯ ಪಟ್ಟೇದಾರರ ಹೆಸರಲ್ಲಿ ಇರುತ್ತದೆ, ಒಕ್ಕದ ಎಲ್ಲರ ಸಹಿ ಬೇಕಾಗಬಹುದು. ಆ ದಾರಿಗೆ ಇಳಿದರೆ ಗಿರಣಿಯ ಸಾಲ ಆಸ್ತಿ ಮಾತುಕತೆಯಾಗಿ ಬಿಡುತ್ತದೆ. ಘಟಕದ ಜಾಗಕ್ಕೆ ಬಾಡಿಗೆ ಕರಾರು ಅಥವಾ ಮನೆಯವರ ಒಪ್ಪಿಗೆ ಪತ್ರ ಸಾಕಾಗುತ್ತದಾ ಅಂತ ಮೊದಲೇ ಕೇಳಿ.

"ನಿಮ್ಮ ಸಿಬಿಲ್ ಸರಿ ಇಲ್ಲ." ಸಿಬಿಲ್ ಅಂದರೆ ಹಳೆಯ ಸಾಲಗಳ ನಡವಳಿಕೆಯ ದಾಖಲೆ. ಸಂಘದ ಸಾಲಕ್ಕೆ, ಬಂಧುಗಳ ಸಾಲಕ್ಕೆ ಜಾಮೀನು ಹಾಕಿ ಮರೆತಿರುತ್ತೀರಿ, ಅದೂ ಅಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಬ್ಯಾಂಕಿಗೆ ಹೋಗುವ ಮೊದಲೇ ತೆಗೆದು ನೋಡಿ. ತೀರಿದ ಸಾಲ ಬಾಕಿ ಅಂತ ತೋರಿಸುತ್ತಿದ್ದರೆ ತೀರುವಳಿ ಪತ್ರ ಕೊಟ್ಟು ಸರಿ ಮಾಡಿಸಿ.

"ನಿಮಗೆ ಪಿಂಚಣಿ ಬರುತ್ತದಲ್ಲ, ಅದರಿಂದ ಕಟ್ಟುತ್ತೀರಾ?" ಹೂಂ ಅನ್ನಬೇಡಿ. ಪಿಂಚಣಿ ನಿಮ್ಮ ಜೀವನಕ್ಕೆ ಬರುವ ಹಣ, ವ್ಯಾಪಾರದ ಆದಾಯ ಅಲ್ಲ. ಪಿಂಚಣಿ ಬರುವ ಖಾತೆ ಬೇರೆ, ಕಂತು ಕಡಿತವಾಗುವ ಖಾತೆ ಬೇರೆ ಇರಲಿ. ಒಂದೇ ಖಾತೆ ಆದರೆ ತಿಂಗಳ ಹಣ ಬಂದ ದಿನವೇ ಕಂತಿಗೆ ಹೋಗಿಬಿಡಬಹುದು.

"ಈ ಹಿಂದೆ ಒಬ್ಬ ವಿಕಲಚೇತನರಿಗೆ ಕೊಟ್ಟಿದ್ದೆವು, ಕಟ್ಟಲಿಲ್ಲ." ಇನ್ನೊಬ್ಬರ ಬಾಕಿ ನಿಮ್ಮ ತಲೆಗೆ ಬರುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಬ್ಯಾಂಕ್ ಸಾಲ ಪಡೆಯುವುದರಲ್ಲಿ ನಿಮಗೆ ಎಲ್ಲರಂತೆಯೇ ಹಕ್ಕಿದೆ ಅಂತ ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು ಮಾತನ್ನೂ ಸೇರಿಸಿ: ಆದ್ಯತಾ ವಲಯದ ಸಾಲದಲ್ಲಿ ದುರ್ಬಲ ವರ್ಗದವರಿಗೆ ಕೊಡಲೇಬೇಕಾದ ಗುರಿ ಬ್ಯಾಂಕುಗಳಿಗೆ ಇದೆ, ರಿಸರ್ವ್ ಬ್ಯಾಂಕಿನ ಆ ಪಟ್ಟಿಯಲ್ಲಿ ವಿಕಲಚೇತನರೂ ಇದ್ದಾರೆ. ನಿಮಗೆ ಕೊಟ್ಟ ಸಾಲ ಶಾಖೆಯ ಗುರಿಗೂ ಲೆಕ್ಕವಾಗುತ್ತದೆ. ನನ್ನ ಅನುಭವದಲ್ಲಿ ಕಾಯ್ದೆಯ ಮಾತಿಗಿಂತ ಈ ಎರಡನೇ ಮಾತಿಗೆ ಬೇಗ ಕಿವಿ ಕೊಡುತ್ತಾರೆ.

7. ಬಾಯಿಮಾತಿನ "ಇಲ್ಲ"ವನ್ನು ಒಪ್ಪಬೇಡಿ

ಅರ್ಜಿ ಕೊಟ್ಟ ದಿನವೇ ತಾರೀಖು ಹಾಕಿದ ಸ್ವೀಕೃತಿ ಪಡೆಯಿರಿ. ಕಾಗದದಲ್ಲಿ ಕೊಟ್ಟರೆ ಮೊಹರು, ಆನ್‌ಲೈನ್ ಆದರೆ ಅರ್ಜಿ ಸಂಖ್ಯೆ. ಪ್ರತಿ ಸಲ ಬ್ಯಾಂಕಿಗೆ ಹೋದಾಗ ಯಾರನ್ನು ನೋಡಿದಿರಿ, ಏನಂದರು ಅಂತ ಎಣಿಕೆ ಮಾಡಿದ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸಾಲ ಕೊಡುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಬೇಕು, ಅದು ಅವರ ಕರ್ತವ್ಯ. ಬರೆದು ಕೊಡಿ ಅಂದಾಗಲೇ ಎಷ್ಟೋ "ಇಲ್ಲ" ಮತ್ತೊಮ್ಮೆ ಪರಿಶೀಲನೆಗೆ ಬರುತ್ತದೆ. ಬರೆದುಕೊಟ್ಟ ಕಾರಣ ಲೆಕ್ಕದ್ದಾಗಿದ್ದರೆ, ಉದಾಹರಣೆಗೆ ಆದಾಯದ ಅಂದಾಜು ಜಾಸ್ತಿ ಆಯಿತು ಅಂದಿದ್ದರೆ, ಹಾಳೆ ತಿದ್ದಿ ಮತ್ತೆ ಕೊಡಿ. ಕಾರಣ ನಿಮ್ಮ ಅಂಗವಿಕಲತೆಯದ್ದೇ ಆಗಿದ್ದರೆ, ಅಥವಾ ಕಾರಣವನ್ನೇ ಕೊಡದಿದ್ದರೆ, ಮಡಿಕೇರಿಯಲ್ಲಿ ಲೀಡ್ ಬ್ಯಾಂಕ್ ವ್ಯವಸ್ಥಾಪಕರನ್ನು ನೋಡಿ. ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಾಲ ಯೋಜನೆಗಳನ್ನು ನೋಡಿಕೊಳ್ಳುವವರು ಅವರು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಒಂದು ಪ್ರತಿ ಕೊಡಿ.

ಅದರ ಮುಂದಿನ ಹೆಜ್ಜೆ ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸರಿಯಾದ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ. ಇಲ್ಲಿ ಒಂದು ಮಿತಿ ಇದೆ. "ಇವರಿಗೆ ಸಾಲ ಕೊಡಿ" ಅಂತ ಒಂಬುಡ್ಸ್‌ಮನ್ ಹೇಳುವುದಿಲ್ಲ, ಅದು ಬ್ಯಾಂಕಿನ ತೀರ್ಮಾನ. ಅರ್ಜಿ ತೆಗೆದುಕೊಳ್ಳದಿರುವುದು, ಸುಮ್ಮನೆ ಅಲೆದಾಡಿಸಿದ್ದು, ಕಾರಣ ಕೊಡದಿರುವುದು, ಇಂಥ ಸೇವೆಯ ಕೊರತೆಯನ್ನೇ ದೂರಿನಲ್ಲಿ ಬರೆಯಿರಿ. ಅಂಗವಿಕಲತೆಯ ಕಾರಣಕ್ಕೆ ಭೇದ ಮಾಡಿದ್ದಾದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿಗೆ ದೂರು ಕೊಡಬಹುದು, ರಾಷ್ಟ್ರೀಕೃತ ಬ್ಯಾಂಕಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ಎರಡಕ್ಕೂ ನೋಟ್‌ಬುಕ್ಕಿನ ತಾರೀಖುಗಳೇ ಸಾಕ್ಷಿ.

8. ಮಂಜೂರಾದ ಮೇಲೆ

ಸಬ್ಸಿಡಿ ಬಿಡುಗಡೆಗೆ ಮೊದಲು ಉದ್ಯಮಶೀಲತಾ ತರಬೇತಿ ಮುಗಿಸಬೇಕು. ಎಲ್ಲಿ, ಯಾವಾಗ ಅಂತ ಮಂಜೂರಾತಿ ಪತ್ರ ಬಂದ ದಿನವೇ ಕೇಳಿ. ತರಬೇತಿ ನಡೆಯುವ ಕಟ್ಟಡಕ್ಕೆ ಮೆಟ್ಟಿಲಿದೆಯಾ, ಸಂಜ್ಞೆ ಭಾಷೆ ಬಲ್ಲವರು ಬೇಕಾ, ಅದನ್ನೂ ಆಗಲೇ ಬರೆದು ತಿಳಿಸಿ.

ಯಂತ್ರದ ಹಣವನ್ನು ಬ್ಯಾಂಕ್ ಸಾಮಾನ್ಯವಾಗಿ ನೇರವಾಗಿ ಮಾರಾಟಗಾರರಿಗೇ ಕಳಿಸುತ್ತದೆ. "ಬಿಲ್ ಜಾಸ್ತಿ ಹಾಕಿಸಿ, ಉಳಿದದ್ದನ್ನು ಹಂಚಿಕೊಳ್ಳೋಣ" ಅನ್ನುವ ಮಧ್ಯವರ್ತಿಗಳು ಇದೇ ಹೊತ್ತಿಗೆ ಬರುತ್ತಾರೆ. ಅವರನ್ನು ಹತ್ತಿರ ಸೇರಿಸಬೇಡಿ. ಹೆಚ್ಚಾದ ಬಿಲ್ಲಿನ ಕಂತು ಕಟ್ಟುವವರು ನೀವೇ.

ಯಂತ್ರ ಬಂದಾಗ ಕೊಟೇಶನ್‌ನಲ್ಲಿದ್ದ ಎಚ್‌ಪಿಯೇ ಮೋಟರ್ ಮೇಲೂ ಇದೆಯಾ ನೋಡಿ. ಪಂಚಾಯಿತಿ ಪರವಾನಗಿ, ಉದ್ಯಮ್ ನೋಂದಣಿ, ಆಹಾರ ಸುರಕ್ಷತೆಯ ನೋಂದಣಿ ಮೂರನ್ನೂ ಗಿರಣಿ ತಿರುಗುವ ಮೊದಲು ಮುಗಿಸಿ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಯಾರಾದರೂ ಸರ್ಕಾರಿ ಶುಲ್ಕ ಅಂತ ಹಣ ಕೇಳಿದರೆ ಮೋಸ.

ಒಂದು ವರ್ಷ ಮಳೆ ವಿಪರೀತ ಆಗಿ ಆರ್‌ಡಿ ಹಣವೂ ಸಾಲದೆ ಹೋದರೆ ಕಂತಿನ ದಿನಕ್ಕೆ ಮೊದಲೇ ಶಾಖೆಗೆ ಹೋಗಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಅಂತ ದಾಖಲಾಗುತ್ತದೆ. ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಹೋಗುವಾಗ ಹನ್ನೆರಡು ತಿಂಗಳ ಹಾಳೆಯನ್ನೂ ದಿನದ ಲೆಕ್ಕದ ಪುಸ್ತಕವನ್ನೂ ಜೊತೆಗೆ ತಗೊಂಡು ಹೋಗಿ. ಅಂದಾಜಿನಲ್ಲಿ 15 ದಿನ ಇತ್ತು, ನಿಜವಾಗಿ ಗಿರಣಿ ನಡೆದದ್ದು 9 ದಿನ ಅಂತ ತಾರೀಖು ಸಮೇತ ತೋರಿಸಿ, ಎರಡು ಕಂತನ್ನು ನವೆಂಬರ್ ನಂತರಕ್ಕೆ ಹಾಕಿಕೊಡಿ ಅಂತ ಅರ್ಜಿ ಬರೆದು ಕೊಟ್ಟು, ಅದಕ್ಕೂ ಮೊಹರು ಹಾಕಿಸಿಕೊಂಡು ಬನ್ನಿ.